ಡಯಾಲಿಸಿಸ್ ರೋಗಿಗೆ ಗ್ಯಾಬಪೆಂಟಿನ್ ಅಷ್ಟು ಕಡಿಮೆ ಏಕೆ?

ಪ್ರಶ್ನೆ: ನಮ್ಮ ತಂದೆಗೆ ತುಮಕೂರಿನಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಕಾಲುರಿಗೆ ಮೊದಲು ಗ್ಯಾಬಪೆಂಟಿನ್ 300 ದಿನಕ್ಕೆ ಮೂರು ಕೊಡುತ್ತಿದ್ದೆವು, ಈಗ ಡಯಾಲಿಸಿಸ್ ಆದ ದಿನ ಮಾತ್ರ 100 ಅಂದಿದ್ದಾರೆ. ಇಷ್ಟು ಸಾಕಾಗುತ್ತದೆಯೇ?

ನಾನು ಇದೇ ಜಿಲ್ಲೆಯಲ್ಲಿ ಔಷಧ ತಜ್ಞನಾಗಿ ಕೆಲಸ ಮಾಡುವವನು. ಮಾತ್ರೆ ಕಡಿಮೆಯಾದರೂ ನಿಮ್ಮ ತಂದೆಯವರ ರಕ್ತದಲ್ಲಿ ಉಳಿಯುವ ಔಷಧ ನೀವು ಅಂದುಕೊಂಡಷ್ಟು ಕಡಿಮೆಯಾಗುವುದಿಲ್ಲ.

ಅನೇಕ ಔಷಧಗಳನ್ನು ಯಕೃತ್ತು ಒಡೆದು ಹಾಕುತ್ತದೆ. ಗ್ಯಾಬಪೆಂಟಿನ್ ಹಾಗಲ್ಲ, ಅದು ರೂಪ ಬದಲಿಸದೆ ಮೂತ್ರದಲ್ಲಿಯೇ ಹೊರಹೋಗಬೇಕು. ಆರೋಗ್ಯವಂತರಲ್ಲಿ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯಲು 5ರಿಂದ 7 ಗಂಟೆ ಸಾಕು. ಮೂತ್ರವೇ ಬಾರದವರಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಅದಕ್ಕೆ ಸುಮಾರು 132 ಗಂಟೆ, ಎಂದರೆ ಐದು ದಿನಕ್ಕೂ ಹೆಚ್ಚು ಬೇಕು. ತೂಬು ಮುಚ್ಚಿದ ಕೆರೆಗೆ ನೀರು ಹರಿಸಿದಂತೆ, ದಿನಕ್ಕೆ ಮೂರು ಮಾತ್ರೆ ಕೊಡುತ್ತಾ ಹೋದರೆ ಅದು ಮೇಲೇರುತ್ತಲೇ ಇರುತ್ತದೆ. ಡಯಾಲಿಸಿಸ್ ಯಂತ್ರ ಅದನ್ನು ಚೆನ್ನಾಗಿಯೇ ತೆಗೆಯುತ್ತದೆ, ನಾಲ್ಕು ಗಂಟೆಯಲ್ಲಿ ರಕ್ತದ ಪ್ರಮಾಣವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಹೀಗೆ ಹೋದದ್ದನ್ನು ತುಂಬಿಕೊಡಲೆಂದೇ ಡಯಾಲಿಸಿಸ್ ಮುಗಿದ ಮೇಲೆ ಒಂದು ಮಾತ್ರೆ. ಮೊದಲೇ ನುಂಗಿದರೆ ಅದರಲ್ಲಿ ಸಾಕಷ್ಟು ಭಾಗ ಯಂತ್ರದ ಪಾಲಾಗುತ್ತದೆ.

ಗುಬ್ಬಿ ಕಡೆಯ ಒಬ್ಬ ಸಕ್ಕರೆ ಕಾಯಿಲೆಯ ಹಿರಿಯರಿಗೆ ನಿಮ್ಮ ಹಳೆಯ ಪ್ರಮಾಣವೇ ನಡೆಯುತ್ತಿತ್ತು. ಶನಿವಾರದ ಡಯಾಲಿಸಿಸ್ ಆಗಿ ಸೋಮವಾರ ಸಂಜೆಯ ಹೊತ್ತಿಗೆ ಅವರು ಊಟದ ಮಧ್ಯದಲ್ಲೇ ತೂಕಡಿಸುತ್ತಿದ್ದರು, ಕೈ ತಟ್ಟನೆ ಜಗ್ಗಿ ಲೋಟ ಬೀಳುತ್ತಿತ್ತು, ಮಾತು ತೊದಲುತ್ತಿತ್ತು. ಪಾರ್ಶ್ವವಾಯು ಎಂದು ಹೆದರಿ ತಲೆಯ ಸ್ಕ್ಯಾನ್ ಮಾಡಿಸಿದರೆ ಏನೂ ಕಾಣಲಿಲ್ಲ. ಮಂಗಳವಾರ ಡಯಾಲಿಸಿಸ್ ಆದ ಮೇಲೆ ಚೇತರಿಸಿಕೊಂಡರು, ಮುಂದಿನ ದೀರ್ಘ ಬಿಡುವಿನ ಕೊನೆಯಲ್ಲಿ ಅದೇ ಸ್ಥಿತಿ ಮರುಕಳಿಸಿತು. ಬಿಡುವು ಉದ್ದವಾದಷ್ಟೂ ಹೆಚ್ಚಿ, ಡಯಾಲಿಸಿಸ್ ನಂತರ ತಗ್ಗುವ ಮಂಪರು ಕಂಡರೆ ಮಾತ್ರೆಯ ಮೇಲೆ ಸಂಶಯಪಡಬೇಕು. ಆದರೂ ಮಾತು ತೊದಲಿದಾಗ ಪಾರ್ಶ್ವವಾಯು ಅಲ್ಲವೆಂದು ಮನೆಯಲ್ಲಿಯೇ ತೀರ್ಮಾನಿಸಬಾರದು, ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಪರೀಕ್ಷಿಸಬೇಕು.

ಪ್ರಿಗ್ಯಾಬಲಿನ್ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಮಾರ್ಫಿನ್ ಸ್ವಲ್ಪ ಬೇರೆ: ಯಕೃತ್ತು ಅದನ್ನು ಬದಲಿಸಿದರೂ, ಬದಲಾದ ವಸ್ತುವೂ ನೋವು ತಗ್ಗಿಸಿ ನಿದ್ದೆ ತರಿಸುವಂಥದ್ದು, ಮತ್ತು ಅದು ಹೊರಹೋಗಲು ಮೂತ್ರಪಿಂಡವೇ ಬೇಕು.

ನಿಮ್ಮ ತಂದೆಯವರಿಗೆ ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ, ಪ್ರಮಾಣ ಅದರ ಮೇಲೂ ನಿಲ್ಲುತ್ತದೆ. ಉರಿ ತಡೆಯಲಾಗದಿದ್ದರೆ ಅವರನ್ನೇ ಕೇಳಿ. ಮನೆಯಲ್ಲಿ ಉಳಿದಿರುವ 300ರ ಮಾತ್ರೆಯನ್ನು ಕೊಡಬೇಡಿ. ನಿದ್ದೆ ಮಾತ್ರೆ, ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇವುಗಳೊಂದಿಗೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಕರೆದರೂ ಎಚ್ಚರಗೊಳ್ಳದಿದ್ದರೆ ಅಥವಾ ಉಸಿರು ವಿರಳವಾದರೆ ಮುಂದಿನ ಸರದಿಗೆ ಕಾಯದೆ 108ಕ್ಕೆ ಕರೆ ಮಾಡಿ, ಮಾತ್ರೆಗಳ ಚೀಟಿಯನ್ನು ಜೊತೆಯಲ್ಲೇ ಒಯ್ಯಿರಿ.