ಲೇಖನ ವಾಪಸ್ ಕಳಿಸುತ್ತಿದ್ದೇನೆ, ಮೂರು ಗೆರೆಗಳ ಜೊತೆ

"ನಮಸ್ಕಾರ ಸರ್. ಪತ್ರಿಕೆಯೊಂದರ ಜಿಲ್ಲಾ ಡೆಸ್ಕಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಹೊಸ ಹುಡುಗರ ಕಾಪಿ ತಿದ್ದುವುದೇ ನನ್ನ ಕೆಲಸ. ಎಷ್ಟು ತಿದ್ದಿದರೂ ಮತ್ತೆ ಅದೇ ತಪ್ಪು ಮಾಡುತ್ತಾರೆ. ಆ ಅನುಭವದ ಮೇಲೆ ‘ಕಿರಿಯರನ್ನು ಬೆಳೆಸುವುದು ಹೇಗೆ’ ಅಂತ ಲೇಖನ ಬರೆದಿದ್ದೇನೆ. ಹಾಕಬಹುದಾ? ಬೇಕಾದ ಕಡೆ ನೀವೇ ತಿದ್ದಿಕೊಳ್ಳಿ."

ತಿದ್ದಿಕೊಳ್ಳುವುದಿಲ್ಲ ಮೇಡಂ. ಈಗಿರುವ ಹಾಗೆ ಹಾಕುವುದೂ ಇಲ್ಲ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದಿ.

ಮೊದಲ ಒಂದೂವರೆ ಪುಟದಲ್ಲಿ ತಾಳ್ಮೆ, ಪ್ರೋತ್ಸಾಹ, ಮಾರ್ಗದರ್ಶನ ಎಲ್ಲ ಇದೆ. ಅದನ್ನು ಯಾವ ಕಾಲೇಜಿನ ಸಮಾರಂಭದಲ್ಲಿ ಬೇಕಾದರೂ ಓದಬಹುದು. ನಾನು ಎದ್ದು ಕೂತಿದ್ದು ನಾಲ್ಕನೇ ಪ್ಯಾರಾದಲ್ಲಿ, ಆ ನೀರಿನ ಸುದ್ದಿಯ ಕಥೆ ಬಂದಾಗ. ಹುಡುಗ ಬರೆದ ಕಾಪಿ "ತಾಲೂಕು ಪಂಚಾಯಿತಿ ಸಭಾಂಗಣದಲ್ಲಿ ಸೋಮವಾರ ಕುಡಿಯುವ ನೀರಿನ ಸಮಸ್ಯೆ ಕುರಿತು ಸಭೆಯನ್ನು ನಡೆಸಲಾಯಿತು" ಅಂತ ಶುರುವಾಗುತ್ತದೆ, ಯಾರು ಅಧ್ಯಕ್ಷತೆ, ಯಾರು ಸ್ವಾಗತ ಎಲ್ಲ ಮುಗಿದ ಮೇಲೆ ಆರನೇ ಸಾಲಿನಲ್ಲಿ ಮೂರು ಹಳ್ಳಿಗೆ 11 ದಿನದಿಂದ ನೀರಿಲ್ಲ ಅನ್ನುವುದು ಬರುತ್ತದೆ. ನೀವು ಆ ಸಾಲನ್ನು ಮೇಲೆ ಎತ್ತಿ, ಹತ್ತು ನಿಮಿಷದಲ್ಲಿ ಕಾಪಿಯನ್ನು ಚೊಕ್ಕ ಮಾಡಿ ಪುಟಕ್ಕೆ ಕಳಿಸಿದಿರಿ. ಎರಡು ತಿಂಗಳಾದರೂ ಅವನು ಸಭೆ ನಡೆಸಲಾಯಿತು ಅಂತಲೇ ಬರೆಯುತ್ತಿದ್ದಾನೆ ಅಂತ ಗೊಣಗಿದ್ದೀರಿ.

ಬರೆಯದೆ ಇನ್ನೇನು ಮಾಡುತ್ತಾನೆ? ಅವನ ಕಡೆಯಿಂದ ನೋಡಿ. ರಾತ್ರಿ ಏನೋ ಒಂದು ಬರೆದು ಕೊಟ್ಟ, ಬೆಳಿಗ್ಗೆ ಪೇಪರಿನಲ್ಲಿ ಅವನ ಹೆಸರಿನ ಕೆಳಗೆ ಒಳ್ಳೆಯ ಸುದ್ದಿ ಇತ್ತು. ಅವನ ಪಾಲಿಗೆ ಕೆಲಸ ಸರಿಯಾಗಿಯೇ ನಡೆಯುತ್ತಿದೆ. ತಪ್ಪು ಎಲ್ಲಿತ್ತು ಅಂತ ಹುಡುಕುವ ಕಷ್ಟ, ಬೇರೆ ಸಾಲು ಯೋಚಿಸುವ ಕಷ್ಟ, ಎರಡನ್ನೂ ನೀವೇ ಪಟ್ಟಿರಿ. ಕಲಿಕೆ ಇದ್ದಿದ್ದು ಆ ಎರಡರಲ್ಲೇ ಅಲ್ವಾ.

ನಾನೂ ಇದನ್ನು ಮಾಡಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಮೊದಲು ಕೆಲಸ ಮಾಡಿದ ಕಡೆ ಎಲ್ಲರ ಕಾಪಿಯನ್ನೂ ನಾನೇ ಬರೆದು ಹೆಮ್ಮೆಪಡುತ್ತಿದ್ದೆ. ಟೈಫಾಯ್ಡ್ ಬಂದು ಮೂರು ವಾರ ಮಲಗಿದಾಗ ಪೇಪರ್ ನೋಡಿದೆ. ಪುಟದ ತುಂಬ "ಲಾಯಿತು". ಜ್ವರ ಜಾಸ್ತಿ ಆಯಿತು.

ಈಗ ಅದೇ ನೀರಿನ ಕಾಪಿ ನನ್ನ ಕೈಗೆ ಬಂದರೆ, ಮೊದಲು ಅದನ್ನು ಮಗುಚಿ ಇಟ್ಟು ಅವನನ್ನು ಕೇಳುತ್ತೇನೆ: "ಮನೆಗೆ ಹೋದಾಗ ಅಮ್ಮ ಇವತ್ತೇನು ಸುದ್ದಿ ಅಂದರೆ ಏನು ಹೇಳ್ತೀಯ?" ಇದು ಸುಮ್ನೆ ಮಾತಲ್ಲ, ಇದೊಂದು ಪರೀಕ್ಷೆ. "ಮೂರು ಊರಿಗೆ ಹನ್ನೊಂದು ದಿನದಿಂದ ನೀರಿಲ್ಲ ಸರ್" ಅಂತ ಬಾಯಲ್ಲಿ ಬಂದರೆ ಅವನಿಗೆ ಸುದ್ದಿ ಗೊತ್ತು, ಬರೆಯಲು ಕೂತಾಗ ಸರ್ಕಾರಿ ಪ್ರಕಟಣೆಯ ಅಚ್ಚು ಕೈಗೆ ಬರುತ್ತಿದೆ, ಅಷ್ಟೇ. "ಹೇಳಿದ್ದನ್ನೇ ಮೊದಲ ಸಾಲು ಮಾಡು" ಅಂದರೆ ಸಾಕು. ಆದರೆ ಅವನು ತಡವರಿಸಿ "ಸಭೆ ಇತ್ತು ಸರ್, ಅಧಿಕಾರಿಗಳು ಬಂದಿದ್ದರು" ಅಂದರೆ ರೋಗವೇ ಬೇರೆ. ಅವನು ಸುದ್ದಿಯನ್ನೇ ತಂದಿಲ್ಲ. ಯಾವ ಊರು, ಪಂಪ್ ಕೆಟ್ಟಿದ್ದಾ, ಕೊಳವೆಬಾವಿ ಬತ್ತಿದ್ದಾ, ಈಗ ಟ್ಯಾಂಕರ್ ಬರ್ತಿದೆಯಾ, ಫೋನ್ ಹಚ್ಚು ಅನ್ನಬೇಕು. ಇಂಥವನ ವಾಕ್ಯ ತಿದ್ದುತ್ತಾ ಕೂತರೆ ನಿಮ್ಮ ರಾತ್ರಿ ಹಾಳು. ನಿಮ್ಮ ಹುಡುಗ ಎರಡರಲ್ಲಿ ಯಾವನು ಅಂತ ನಿಮ್ಮ ಲೇಖನ ಓದಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ನೀವು ಕೇಳಲೇ ಇಲ್ಲ.

ಆಮೇಲೆ ವಾಕ್ಯಗಳು. ಇಲ್ಲಿ ಪೆನ್ನನ್ನು ತಡೆದುಕೊಳ್ಳುವುದು ಕಷ್ಟ, ನಿಜ. ಅಮೆರಿಕದಲ್ಲಿ ಕಾಲೇಜು ಹುಡುಗರಿಗೆ ಬರವಣಿಗೆ ಕಲಿಸುತ್ತಿದ್ದ ರಿಚರ್ಡ್ ಹ್ಯಾಸ್‌ವೆಲ್ ಅನ್ನುವ ಮೇಷ್ಟ್ರು 1983ರಲ್ಲಿ ತಮ್ಮ ಪದ್ಧತಿ ಬರೆದಿಟ್ಟಿದ್ದಾರೆ. ಕಾಗುಣಿತ, ಚಿಹ್ನೆಯಂಥ ಮೇಲ್ಮೈ ತಪ್ಪುಗಳನ್ನು ಅವರು ತಿದ್ದುತ್ತಿರಲಿಲ್ಲ, ತಪ್ಪಿರುವ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಗುರುತು ಹಾಕಿ ವಾಪಸ್ ಕೊಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ತಪ್ಪನ್ನು ಹುಡುಗರೇ ಹುಡುಕಿ ಸರಿಮಾಡುತ್ತಿದ್ದರಂತೆ. ನನಗೆ ಇದರಲ್ಲಿ ಇಷ್ಟವಾದದ್ದು ಸಮಯದ ಉಳಿತಾಯ ಅಲ್ಲ. ಗುರುತು ಹಾಕಿ ಕೊಟ್ಟ ಮೇಲೆ ಅವನು ಸರಿಮಾಡಿದ್ದೆಲ್ಲ ಅವನಿಗೆ ಮೊದಲೇ ಗೊತ್ತಿದ್ದದ್ದು, ಅವಸರದಲ್ಲಿ ಬಿಟ್ಟದ್ದು. ಮಾಡದೆ ಉಳಿದದ್ದು ನಿಜವಾಗಿ ಗೊತ್ತಿಲ್ಲದ್ದು. ನೀವು ಬಾಯಿಬಿಟ್ಟು ಕಲಿಸಬೇಕಾದದ್ದು ಈ ಎರಡನೆಯದು ಮಾತ್ರ.

ನಮ್ಮಲ್ಲಿ ಒಬ್ಬಳ ಕಾಪಿಯಲ್ಲಿ ಹೀಗೇ ಮಾಡಿದೆ. "ಶಾಸಕರು ಬೇಟಿ ನೀಡಿದರು" ಅನ್ನುವ ಸಾಲಿನ ಪಕ್ಕ ಒಂದು ಗೆರೆ, "ನೀರು ಸರಬರಾಜನ್ನು ಸ್ಥಗಿತಗೊಳಿಸಲಾಗಿದೆ" ಅನ್ನುವುದರ ಪಕ್ಕ ಒಂದು. ಬೇಟಿಯನ್ನು ಭೇಟಿ ಮಾಡಲು ಅವಳಿಗೆ ಎರಡು ಸೆಕೆಂಡ್ ಸಾಕಾಯಿತು. ಎರಡನೆಯದನ್ನು ಹತ್ತು ಸಲ ಓದಿ, "ಸ್ಥಗಿತ" ಕಾಗುಣಿತ ಸರಿಯಿದೆಯಲ್ಲ ಸರ್ ಅಂದಳು. ಆಗ ಒಂದೇ ಪ್ರಶ್ನೆ ಕೇಳಿದೆ: "ನಿಲ್ಲಿಸಿದ್ದು ಯಾರಮ್ಮ?" ಅವಳಿಗೆ ಗೊತ್ತಿರಲಿಲ್ಲ. ಪಂಚಾಯಿತಿಗೆ ಫೋನ್ ಮಾಡಿದಳು. ಕರೆಂಟ್ ಬಿಲ್ ಬಾಕಿ, ಪಂಪಿಗೆ ಸಂಪರ್ಕ ಕಡಿದಿದ್ದಾರೆ ಅಂತ ಗೊತ್ತಾಯಿತು. ಸುದ್ದಿಯೇ ಬದಲಾಯಿತು ನೋಡಿ. "ಲಾಗಿದೆ" ಅನ್ನುವುದು ಬರೀ ಶೈಲಿಯ ದೋಷ ಅಲ್ಲ, ಮಾಡಿದವರನ್ನು ಅಡಗಿಸುವ ಜಾಗ ಅಂತ ಅವಳಿಗೆ ಅವತ್ತು ಹೊಳೆಯಿತು. ನಾನೇ ತಿದ್ದಿದ್ದರೆ ವಾಕ್ಯ ಚಂದ ಆಗುತ್ತಿತ್ತು, ಫೋನ್ ಹೋಗುತ್ತಿರಲಿಲ್ಲ.

ಒಂದು ಕಾಪಿಗೆ ಇಂಥದ್ದು ಒಂದು, ಹೆಚ್ಚೆಂದರೆ ಎರಡು. ಇಪ್ಪತ್ತು ಕಡೆ ಕೆಂಪು ಮಾಡಿದರೆ ಅವರು ಓದುವುದಿಲ್ಲ, ಸುಮ್ನೆ ಒಪ್ಪಿಕೊಳ್ಳುತ್ತಾರೆ.

ಡೆಡ್‌ಲೈನ್ ಇರುತ್ತೆ ಸರ್ ಅಂತೀರಿ. ಗೊತ್ತು. ಪುಟ ಹೋಗಲು ಹದಿನೈದು ನಿಮಿಷ ಇರುವಾಗ ಗೆರೆ ಎಳೆದು ಕೂರಬೇಡಿ, ನೀವೇ ಬರೆದು ಕಳಿಸಿ. ಬೇರೆಯವರಿಗೆ ಹಾನಿಯಾಗುವ ತಪ್ಪನ್ನಂತೂ ಯಾವಾಗಲೂ ನೀವೇ ತಡೆಯಿರಿ. ಅತ್ಯಾಚಾರ ಸಂತ್ರಸ್ತೆಯ ಹೆಸರೋ ಗುರುತು ಸಿಗುವ ವಿವರವೋ ಕಾಪಿಯಲ್ಲಿ ನುಸುಳಿದ್ದರೆ ಅಲ್ಲಿ ಪಾಠಕ್ಕೆ ಜಾಗವಿಲ್ಲ, ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ. ಆದರೆ ಅವನ ಮೂಲ ಕಾಪಿಯನ್ನು ಅಳಿಸಬೇಡಿ. ಮರುದಿನ ಅದನ್ನೂ ಅಚ್ಚಾದದ್ದನ್ನೂ ಅವನ ಮುಂದೆ ಇಟ್ಟು, "ಏನೇನು ಬದಲಾಗಿದೆ, ಯಾಕೆ, ನೀನೇ ಹೇಳು" ಅನ್ನಿ. ನೀವು ವಿವರಿಸಿದರೆ ಅವನು ತಲೆ ಆಡಿಸುತ್ತಾನೆ, ಅಷ್ಟೇ. ಅವನು ವಿವರಿಸಿದರೆ ಎಲ್ಲಿ ತಪ್ಪು ತಿಳಿದಿದ್ದಾನೆ ಅಂತ ನಿಮಗೆ ಕೇಳಿಸುತ್ತದೆ.

ಇದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ತಿದ್ದಿದ ಕಾಪಿ ನೋಡಬೇಡಿ, ಅದರ ಮುಂದಿನ ಕಾಪಿ ನೋಡಿ. ಅದೇ ಗೆರೆಯನ್ನು ಅದೇ ಕಾರಣಕ್ಕೆ ಮೂರನೇ ಸಲ ಎಳೆಯುತ್ತಿದ್ದರೆ ನಿಮ್ಮ ವಿಧಾನ ಬದಲಿಸಿ. ಇನ್ನೊಂದು ಲಕ್ಷಣ, ಅವನು ಪ್ರತಿ ಶೀರ್ಷಿಕೆಗೂ "ಇದು ಓಕೆನಾ ಮೇಡಂ" ಅಂತ ಬರುವುದು. ಓಕೆ ಅಂದುಬಿಡುವುದು ಸುಲಭ. ಅದರ ಬದಲು ಕಾಪಿ ಕೊಡುವ ಮೊದಲೇ ಅವನಿಗೆ ಅನುಮಾನ ಇರುವ ಸಾಲಿನ ಪಕ್ಕ ಅವನೇ ಗೆರೆ ಎಳೆದು, ಬೇರೆ ಒಂದು ಸಾಲನ್ನೂ ಕೆಳಗೆ ಬರೆದು ತರಲಿ. ಮೊದಮೊದಲು ತಪ್ಪು ಜಾಗದಲ್ಲೇ ಎಳೆಯುತ್ತಾನೆ. ಅವನ ಗೆರೆ ಮತ್ತು ನಿಮ್ಮ ಗೆರೆ ಒಂದೇ ಕಡೆ ಬೀಳಲು ಶುರುವಾದಾಗ ನೀವು ನಿಮ್ಮದನ್ನು ನಿಲ್ಲಿಸಬಹುದು.

ನಿಮ್ಮ ಲೇಖನದ ಅಂಚಿನಲ್ಲಿ ಮೂರು ಗೆರೆ ಎಳೆದಿದ್ದೇನೆ. ಒಂದರ ಕಾರಣ ಈ ಪತ್ರದಲ್ಲೇ ಸಿಗುತ್ತದೆ, ಇನ್ನೆರಡನ್ನು ಹೇಳುವುದಿಲ್ಲ. ಫೋನ್ ಮಾಡಿ ಕೇಳಲೂಬೇಡಿ. ಈ ತಿಂಗಳ 20ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಆ ಹುಡುಗನ ಮೂಲ ಕಾಪಿ ಇನ್ನೂ ಉಳಿದಿದ್ದರೆ, ಅವನನ್ನು ಕೇಳಿ, ಹೆಸರು ತೆಗೆದು ಅದನ್ನೂ ಜೊತೆಗಿಡಿ.