ದುಂಡು ಮೇಜಿನ ಲೆಕ್ಕ: ಮೊದಲು ಒಬ್ಬರನ್ನು ಕೂರಿಸಿಬಿಡಿ

ಪ್ರಶ್ನೆ: ಸರ್, ಲೆಕ್ಕದ ಫೋಟೋ ಕಳಿಸಿದ್ದೇನೆ. ದುಂಡು ಮೇಜಿನ ಸುತ್ತ 7 ಜನ ಕೂರಬೇಕು, ರವಿ ಮತ್ತು ಸುಮಾ ಮಾತ್ರ ಪಕ್ಕಪಕ್ಕ ಕೂರಬಾರದು. ನನಗೆ 3600 ಬಂತು. ಮೇಜು ತಿರುಗಿಸಿದರೆ ಅದೇ ಜೋಡಣೆ ಅಂತ 7ರಿಂದ ಭಾಗಿಸಿದೆ, 514 ಚಿಲ್ಲರೆ ಬಂತು! ಪುಸ್ತಕದಲ್ಲಿ 480 ಇದೆ. ಎಲ್ಲಿ ತಪ್ಪಿದೆ? (ಪ್ರಥಮ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಫೋಟೋದ ಅಂಚಿನಲ್ಲಿ ನೀವು ಪೆನ್ಸಿಲ್‌ನಲ್ಲಿ ಬರೆದ 5040 − 1440 ಕಾಣಿಸುತ್ತಿದೆ. ತಪ್ಪಿರುವುದು ಅಲ್ಲೇ. ಅದು 7 ಜನರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸುವ ಲೆಕ್ಕ. ಬೆಂಚಿನ ಈ ತುದಿಗೆ ರವಿ, ಆ ತುದಿಗೆ ಸುಮಾ ಕೂತರೆ ಇಬ್ಬರೂ ದೂರ ದೂರ. ಅದೇ ಬೆಂಚನ್ನು ಬಳೆಯ ಹಾಗೆ ಬಗ್ಗಿಸಿ ನೋಡಿ, ಇಬ್ಬರೂ ಅಕ್ಕಪಕ್ಕ ಬಂದುಬಿಡುತ್ತಾರೆ. ಹೀಗೆ ಎರಡು ತುದಿಗೆ ಕೂರುವ ಸಾಲುಗಳು 2 × 5! = 240. ಅವನ್ನೂ ಕಳೆದರೆ 3360 ಉಳಿಯುತ್ತದೆ. ಈಗ 7ರಿಂದ ಭಾಗಿಸಿ, 480 ಬರುತ್ತದೆ.

ಆದರೆ ಇಷ್ಟು ಸುತ್ತಿ ಬಳಸುವುದು ಯಾಕೆ? ರವಿಯನ್ನು ಯಾವುದಾದರೂ ಒಂದು ಕುರ್ಚಿಯಲ್ಲಿ ಕೂರಿಸಿಬಿಡಿ. ಯಾವ ಕುರ್ಚಿ ಅನ್ನುವುದು ಮುಖ್ಯವಲ್ಲ. ಯಾವುದೇ ಜೋಡಣೆ ಇದ್ದರೂ ರವಿ ನಿಮ್ಮ ಎದುರಿಗೆ ಬರುವ ತನಕ ಮೇಜನ್ನು ತಿರುಗಿಸಬಹುದು, ಅಲ್ವಾ? ಹಾಗಾಗಿ ಏನೂ ಬಿಟ್ಟುಹೋಗುವುದಿಲ್ಲ. ರವಿ ಅಲ್ಲಾಡದೆ ಕೂತಿರುವುದರಿಂದ ಒಂದೇ ಜೋಡಣೆ ಎರಡು ಸಲ ಎಣಿಕೆಗೂ ಬರುವುದಿಲ್ಲ. ಉಳಿದ 6 ಕುರ್ಚಿಗಳಲ್ಲಿ ಅವನ ಎಡಬಲದ 2 ಸುಮಾಗೆ ಬೇಡ. ಅವಳಿಗೆ ಉಳಿದದ್ದು 4. ಮಿಕ್ಕ ಐವರು 5! = 120 ರೀತಿಯಲ್ಲಿ ಕೂರುತ್ತಾರೆ. 4 × 120 = 480.

ಒಬ್ಬರನ್ನು ಕೂರಿಸಿದ ಮೇಲೆ ಮತ್ತೆ 7ರಿಂದ ಭಾಗಿಸಬೇಡಿ. ತಿರುಗಿಸುವ ವಿಷಯ ಅಲ್ಲಿಗೇ ಮುಗಿಯಿತು. ಈ ತಪ್ಪನ್ನು ನಾನು ಉತ್ತರಪತ್ರಿಕೆಗಳಲ್ಲಿ ತುಂಬಾ ನೋಡಿದ್ದೇನೆ.

ಇನ್ನೊಂದು ಮಾತು. ಭಿನ್ನರಾಶಿ ಬಂದದ್ದು ನಿಮ್ಮ ಅದೃಷ್ಟ, ತಪ್ಪು ಅಂತ ತಕ್ಷಣ ಗೊತ್ತಾಯಿತು. ನಾಲ್ಕೇ ಜನ ಇದ್ದಿದ್ದರೆ ನಿಮ್ಮ ದಾರಿಯಲ್ಲಿ 24 − 12 = 12, ಅದನ್ನು 4ರಿಂದ ಭಾಗಿಸಿದರೆ 3 ಬರುತ್ತಿತ್ತು. ನೋಡೋಕೆ ಸರಿಯಾಗೇ ಇದೆ, ಆದರೆ ತಪ್ಪು. ನಂಬಿಕೆ ಬರದಿದ್ದರೆ ಒಂದು ತಟ್ಟೆಯ ಸುತ್ತ ನಾಲ್ಕು ಬೇರೆ ಬೇರೆ ಲೋಟ ಇಟ್ಟು ನೋಡಿ. ಸ್ಟೀಲ್ ಲೋಟ ರವಿ ಅಂದುಕೊಳ್ಳಿ, ಗಾಜಿನದು ಸುಮಾ. ಗಾಜಿನ ಲೋಟಕ್ಕೆ ಎದುರುಗಡೆ ಬಿಟ್ಟು ಬೇರೆ ಜಾಗವೇ ಇಲ್ಲ. ಮಿಕ್ಕ ಎರಡು ಲೋಟ ಅದಲು ಬದಲಾದರೆ ಒಟ್ಟು 2 ರೀತಿ, ಅಷ್ಟೇ.

ನೀವು ಕಳಿಸಿದ ಫೋಟೋದಲ್ಲಿ ಪ್ರಶ್ನೆಯ ಕೊನೆಯ ಸಾಲು ಅರ್ಧ ಕತ್ತರಿಸಿ ಹೋಗಿದೆ. ಪುಸ್ತಕ ತೆಗೆದು ಅದನ್ನೊಮ್ಮೆ ಓದಿ. ಕುರ್ಚಿಗಳಿಗೆ ನಂಬರ್ ಇದೆ ಅಂತ ಅಲ್ಲಿದ್ದರೆ ತಿರುಗಿಸಿದ ಜೋಡಣೆಯೂ ಬೇರೆಯೇ, ಆಗ ಉತ್ತರ 3360. ಪುಸ್ತಕದಲ್ಲಿ 480 ಇದೆ ಅಂದರೆ ಬಹುಶಃ ನಂಬರ್ ಇರಲಾರದು.