ಆ ಒಂಬತ್ತು ಎಲ್ಲಿಂದ ಬಂತು?

“ಸಂಪಾದಕರಿಗೆ ನಮಸ್ಕಾರ. ಒಂಬತ್ತನೇ ತರಗತಿ ಮಕ್ಕಳಿಗಾಗಿ ಆವರ್ತ ದಶಮಾಂಶವನ್ನು ಭಿನ್ನರಾಶಿ ಮಾಡುವ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ಎಷ್ಟು ಅಂಕಿ ಮತ್ತೆ ಮತ್ತೆ ಬರುತ್ತೋ ಅಷ್ಟು ಒಂಬತ್ತು ಕೆಳಗೆ ಬರೆದರೆ ಮುಗೀತು ಅಂತ ಸರಳವಾಗಿ ಹೇಳಿದ್ದೇನೆ. ಪ್ರಕಟಿಸಬಹುದಾ? ಮುಚ್ಚುಮರೆ ಇಲ್ಲದೆ ಹೇಳಿ.”

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಲೇಖನ ಉಪಾಯ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಬಿಟ್ಟಿದ್ದಕ್ಕೆ ಎರಡನೇ ಪುಟದಲ್ಲಿ ಒಂದು ಲೆಕ್ಕವೇ ತಪ್ಪಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಸೊನ್ನೆಯ ಹಿರಿಮೆ, ಗಣಿತದ ಸೊಬಗು, ಇದೆಲ್ಲ ಓದುಗರಿಗೆ ಗೊತ್ತು. ನೇರವಾಗಿ 0.272727… ರಿಂದ ಶುರು ಮಾಡಿ.

ಅಲ್ಲಿ ನೀವು “ಎರಡು ಅಂಕಿ ಆವರ್ತ, ಆದ್ದರಿಂದ 27/99” ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಉತ್ತರ ಸರಿ. ಆದರೆ ಒಂಬತ್ತು ಎಲ್ಲಿಂದ ಬಂತು ಅಂತ ಮಗು ಕೇಳಿದರೆ? ಸುಮ್ನೆ ಹೀಗೆ ಬಿಡಿಸಿ ಬರೆಯಿರಿ:

x = 0.272727…
100x = 27.272727…
100x − x = 27
99x = 27
x = 27/99 = 3/11

ಈಗ ಒಂಬತ್ತುಗಳ ಗುಟ್ಟು ಕಣ್ಣಿಗೇ ಕಾಣುತ್ತದೆ. ನೂರು x ಇತ್ತು, ಒಂದು x ಹೋಯಿತು, ತೊಂಬತ್ತೊಂಬತ್ತು x ಉಳಿಯಿತು. ಅಷ್ಟೇ.

ಇಲ್ಲಿ ಒಂದು ಕಡೆ ನಿಧಾನ ಮಾಡಬೇಕು. 100 ರಿಂದಲೇ ಯಾಕೆ? 10 ರಿಂದ ಗುಣಿಸಿದರೆ ಏನಾಗುತ್ತದೆ ಅಂತ ಓದುಗನ ಕೈಯಲ್ಲೇ ಮಾಡಿಸಿ. 10x = 2.727272… ಅದರಲ್ಲಿ x ಕಳೆದರೆ 9x = 2.454545… ಇದು ತಪ್ಪಲ್ಲ, ಆದರೆ ಉಪಯೋಗವಿಲ್ಲ. ಬಾಲ ಹಾಗೇ ಉಳಿಯಿತು. ಒಂದು ಸಂಖ್ಯೆಯಲ್ಲಿ ಬಿಂದುವಿನ ನಂತರ 2, 7, 2, 7 ಅಂತಿದೆ, ಇನ್ನೊಂದರಲ್ಲಿ 7, 2, 7, 2 ಅಂತಿದೆ. ಒಂದರ ಕೆಳಗೆ ಒಂದು ಬರೆದಾಗ ಅಂಕಿಗಳು ಹೊಂದುತ್ತಿಲ್ಲ. ಎರಡು ಸ್ಥಾನ ಸರಿಸಿದರೆ 2ರ ಕೆಳಗೆ 2, 7ರ ಕೆಳಗೆ 7 ಬಂದು ಬಾಲ ಪೂರ್ತಿ ಅಳಿಯುತ್ತದೆ. ನಾಲ್ಕು ಸ್ಥಾನ ಸರಿಸಿದರೂ ಹೊಂದುತ್ತದೆ: 9999x = 2727. ಸುಲಭ ರೂಪಕ್ಕೆ ತಂದರೆ ಅದೂ 3/11. ಕೆಲಸ ಜಾಸ್ತಿ, ಉತ್ತರ ಅದೇ.

ಹತ್ತರ ಘಾತಗಳೇ ಯಾಕೆ ಬೇಕು ಅನ್ನುವುದಕ್ಕೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ. 5 ರಿಂದ ಗುಣಿಸಿ ತೋರಿಸಿ: 5x = 1.363636… ಅಂಕಿಗಳೇ ಬದಲಾಗಿಹೋದವು, 27 ಎಲ್ಲೂ ಇಲ್ಲ. ನಾವು ಸಂಖ್ಯೆ ಬರೆಯುವ ಪದ್ಧತಿಯಲ್ಲಿ ಪ್ರತಿ ಸ್ಥಾನದ ಬೆಲೆ ಅದರ ಬಲಗಡೆ ಸ್ಥಾನದ ಹತ್ತರಷ್ಟು. ಹಾಗಾಗಿ 10 ರಿಂದ ಗುಣಿಸಿದಾಗ ಯಾವ ಅಂಕಿಯೂ ಬದಲಾಗುವುದಿಲ್ಲ, ಎಲ್ಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಹತ್ತನೇ ಒಂದು ಭಾಗದ ಜಾಗದಲ್ಲಿದ್ದದ್ದು ಬಿಡಿ ಸ್ಥಾನಕ್ಕೆ ಬರುತ್ತದೆ, ನೂರನೇ ಒಂದು ಭಾಗದ್ದು ಹತ್ತನೆಯದಕ್ಕೆ ಬರುತ್ತದೆ. ನಮಗೆ ಬೇಕಾಗಿರುವುದು ಅಂಕಿ ಕೆಡದೆ ಬರೀ ಜಾಗ ಬದಲಾಗುವುದು. ಅದನ್ನು ಹತ್ತರ ಘಾತ ಬಿಟ್ಟು ಬೇರೆ ಯಾವ ಸಂಖ್ಯೆಯೂ ಹೀಗೆ ಮಾಡಿಕೊಡುವುದಿಲ್ಲ.

ಬಾಲಕ್ಕೆ ಕೊನೆ ಇಲ್ಲ ಅನ್ನುವುದನ್ನೂ ಒತ್ತಿ ಹೇಳಿ. ನೀವು ಒಂದು ಕಡೆ x = 0.2727 ಅಂತ ಬರೆದು, ಚುಕ್ಕಿಗಳನ್ನು ಬಿಟ್ಟಿದ್ದೀರಿ. ಹಾಗಾದರೆ 100x = 27.27, ಕಳೆದರೆ 26.9973. 27 ಬರುವುದಿಲ್ಲ. ಎಡಕ್ಕೆ ಸರಿದಾಗ ಬಲತುದಿಯಲ್ಲಿ ಎರಡು ಜಾಗ ಖಾಲಿಯಾಯಿತು, ಅಲ್ವಾ? ಕೊನೆಯಿಲ್ಲದ ಬಾಲಕ್ಕೆ ತುದಿಯೇ ಇಲ್ಲ, ಖಾಲಿಯಾಗಲು ಜಾಗವೂ ಇಲ್ಲ. ಕ್ಯಾಲ್ಕುಲೇಟರ್ ಪರದೆಯ ಮೇಲಿನ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡಿದವರು ಎಡವುವುದು ಇಲ್ಲೇ.

ಈಗ ಎರಡನೇ ಪುಟದ ತಪ್ಪು. 0.41666… ಕ್ಕೆ ನೀವು 416ರ ಮೇಲೆಲ್ಲ ಗೆರೆ ಎಳೆದು 416/999 ಅಂತ ಉತ್ತರ ಕೊಟ್ಟಿದ್ದೀರಿ. ಭಾಗಿಸಿ ನೋಡಿದ್ದರೆ 0.416416… ಬರುತ್ತಿತ್ತು. ಮೂರು ಸ್ಥಾನದವರೆಗೆ ಒಂದೇ ಥರ ಕಾಣುತ್ತದೆ, ನಾಲ್ಕನೆಯದರಲ್ಲಿ 6ರ ಬದಲು 4. ಮತ್ತೆ ಮತ್ತೆ ಬರುವುದು 6 ಮಾತ್ರ, ಗೆರೆ ಅದರ ಮೇಲೆ ಮಾತ್ರ ಇರಬೇಕು. 4 ಮತ್ತು 1 ಒಂದೇ ಸಲ ಬಂದು ಹೋಗುತ್ತವೆ. ಇಂಥ ಕಡೆ ಎರಡು ಸಲ ಗುಣಿಸಬೇಕು. ಮೊದಲು ಬಾಲ ಬಿಂದುವಿನ ಪಕ್ಕಕ್ಕೇ ಬರುವಷ್ಟು, ಆಮೇಲೆ ಒಂದು ಆವರ್ತ ದಾಟುವಷ್ಟು:

100x = 41.666…
1000x = 416.666…
900x = 375
x = 375/900 = 5/12

ಒಂಬತ್ತಿನ ಪಕ್ಕ ಸೊನ್ನೆಗಳು ಯಾಕೆ ಬಂದವು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಸಾವಿರದಲ್ಲಿ ನೂರು ಕಳೆದರೆ ಒಂಬೈನೂರು. ನಿಮ್ಮ “ಅಷ್ಟು ಒಂಬತ್ತು ಬರೆದರೆ ಮುಗೀತು” ನಿಯಮ ನಡೆಯುವುದು ಆವರ್ತ ಬಿಂದುವಿನ ಪಕ್ಕದಲ್ಲೇ ಶುರುವಾದಾಗ ಮಾತ್ರ. ಅದನ್ನು ಲೇಖನದಲ್ಲಿ ಎಲ್ಲೂ ಹೇಳಿಲ್ಲ.

ಇನ್ನೊಂದು ಸೇರ್ಪಡೆ ನನ್ನ ಆಸೆ. 3ನ್ನು 11 ರಿಂದ ಭಾಗಿಸುವುದನ್ನು ಪೂರ್ತಿ ಬಿಡಿಸಿ ಹಾಕಿ. 3ಕ್ಕೆ ಸೊನ್ನೆ ಸೇರಿಸಿ 30, ಅದರಲ್ಲಿ 22 ಹೋದರೆ ಶೇಷ 8. ಅದಕ್ಕೆ ಸೊನ್ನೆ ಸೇರಿಸಿ 80, ಅದರಲ್ಲಿ 77 ಹೋದರೆ ಶೇಷ 3. ಶುರುವಿನಲ್ಲಿದ್ದ 3 ಮತ್ತೆ ಬಂತು, ಇನ್ನು ಮುಂದೆ ಅದೇ ಕತೆ. ಎರಡು ಸೊನ್ನೆ ಸೇರಿಸಿದ್ದೀವಿ ಅಂದರೆ 100 ರಿಂದ ಗುಣಿಸಿದ್ದೀವಿ ಅಂತಲೇ ಅರ್ಥ: 300 = 27 × 11 + 3. ಎರಡೂ ಕಡೆ 11 ರಿಂದ ಭಾಗಿಸಿದರೆ, 3/11ರ ನೂರರಷ್ಟು ಅಂದರೆ 27 ಮತ್ತು ಮತ್ತೊಂದು 3/11. ಇದು ನಮ್ಮ 100x = 27 + x ಸಾಲೇ! ಭಾಗಾಕಾರ ಯಾವ ದಾರಿಯಲ್ಲಿ ಆವರ್ತವನ್ನು ಹುಟ್ಟಿಸಿತೋ ಅದೇ ದಾರಿಯಲ್ಲಿ ನಾವು ವಾಪಸ್ ಹೋಗುತ್ತಿದ್ದೇವೆ. ನನಗೆ ಕೇಳಿದರೆ ಇಡೀ ಲೇಖನಕ್ಕೆ ಇದೊಂದು ಪ್ಯಾರಾ ಸಾಕು.

0.999… = 1 ಬಗ್ಗೆ ಬರೆದ ಪುಟ ಸದ್ಯಕ್ಕೆ ಬೇಡ. ಕೊನೆಯಿಲ್ಲದ ಮೊತ್ತಕ್ಕೆ ಒಂದು ಬೆಲೆ ಇದೆ ಅಂತ ಮೊದಲು ಒಪ್ಪಿಸಬೇಕಾಗುತ್ತದೆ. 1 + 10 + 100 + … ಅನ್ನುವುದಕ್ಕೆ S ಅಂತ ಹೆಸರಿಟ್ಟು ಇದೇ ಗುಣಿಸಿ ಕಳೆಯುವ ಆಟ ಆಡಿದರೆ S = −1/9 ಬರುತ್ತದೆ, ಅದು ಅಸಂಬದ್ಧ. ದಶಮಾಂಶದ ಬಾಲ ಹೋಗ್ತಾ ಹೋಗ್ತಾ ಚಿಕ್ಕದಾಗುತ್ತದೆ, ಅದಕ್ಕೇ ಅಲ್ಲಿ ಈ ಆಟ ನಡೆಯುತ್ತದೆ. ಅದು ಬೇರೆ ಲೇಖನದ ವಿಷಯ. ಬರೆದರೆ ಖಂಡಿತ ಕಳಿಸಿ.

ಕೊನೆಯಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ 0.333…, 0.4545… ಥರದವೇ. ಒಂದೆರಡು ತೆಗೆದು 0.1363636… ಹಾಕಿ. ಉತ್ತರ 135/990, ಅಂದರೆ 3/22. 136/999 ಬರೆದವರು ಗೆರೆ ತಪ್ಪು ಎಳೆದಿದ್ದಾರೆ. 136/990 ಬರೆದವರು 10x ಕಳೆಯುವಾಗ ಬಿಂದುವಿನ ಎಡಗಡೆ ಇದ್ದ 1ನ್ನು ಮರೆತಿದ್ದಾರೆ. ಉತ್ತರದ ಪಕ್ಕದಲ್ಲೇ ಇದನ್ನೂ ಅಚ್ಚು ಹಾಕೋಣ.